ಗೃಹಪ್ರವೇಶದ ಊಟಕ್ಕೆ ಎಲೆಯೋ, ಹಾಳೆಯೋ, ಪೇಪರೋ, ಸಿಲ್ವರೋ?

ಪ್ರಶ್ನೆ: ಸರ್, ಶ್ರಾವಣದಲ್ಲಿ ತುಮಕೂರಿನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಮಧ್ಯಾಹ್ನ 300 ಜನಕ್ಕೆ ಊಟ. ಅಡಿಗೆ ಭಟ್ಟರು ಸಿಲ್ವರ್ ತಟ್ಟೆ ಸಾಕು ಅಂತಾರೆ. ನಮ್ಮ ಯಜಮಾನರು ಪೇಪರ್ ಎಲೆ ಅಂತಾರೆ. ನನಗೆ ಬಾಳೆ ಎಲೆ, ಇಲ್ಲಾಂದ್ರೆ ಅಡಿಕೆ ಪಟ್ಟೆ ತಟ್ಟೆ ಇಷ್ಟ. ಬಿಸಿ ಸಾರು ಹಾಕಿದ್ರೆ ಯಾವುದು ತಡೆಯುತ್ತೆ? ಊಟ ಆದ ಮೇಲೆ ಎಲ್ಲಾನೂ ಹಿತ್ತಲಲ್ಲಿ ಗುಂಡಿ ತೆಗೆದು ಹಾಕಿದ್ರೆ ಗೊಬ್ಬರ ಆಗುತ್ತಾ?

ಉತ್ತರ: ಕೂರಿಸಿ ಬಡಿಸುವುದಾದರೆ ಬಾಳೆ ಎಲೆ ಹಾಕಿ. ಸಾರಿಗೆ ಒಂದು, ಪಾಯಸಕ್ಕೆ ಒಂದು ಅಡಿಕೆ ಪಟ್ಟೆಯ ದೊನ್ನೆ ಇಡಿ. ನಿಂತು ತಿನ್ನುವ ಬಫೆ ಆದರೆ ಮಾತ್ರ ಅಡಿಕೆ ತಟ್ಟೆ ತೆಗೆದುಕೊಳ್ಳಿ, ಏಕೆಂದರೆ ಬಾಳೆ ಎಲೆಯನ್ನು ಕೈಯಲ್ಲಿ ಹಿಡಿದು ತಿನ್ನಲು ಆಗುವುದಿಲ್ಲ. ಸಿಲ್ವರ್ ತಟ್ಟೆ, ಪೇಪರ್ ಎಲೆ ಎರಡೂ ಬೇಡ. ಅವು ಗೊಬ್ಬರ ಆಗುವುದಿಲ್ಲ ಅನ್ನುವುದು ಒಂದು ಕಾರಣ. ನಿಮ್ಮ ಉಳಿದ ಗೊಬ್ಬರವನ್ನೂ ಕೆಡಿಸುತ್ತವೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಇನ್ನು ಗುಂಡಿ ತೆಗೆಯಬೇಡಿ. ಶ್ರಾವಣದ ಮಳೆಯಲ್ಲಿ ಅದು ನೀರು ತುಂಬಿ ನಾರುತ್ತದೆ. ನೆಲದ ಮೇಲೆ ತೊಟ್ಟಿ ಕಟ್ಟಿ, ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಾನು ಮಲೆನಾಡಿನವನು. ಕೆಲವು ವರ್ಷ ಹಾಳೆ ತಟ್ಟೆಯ ಮಷಿನ್ ಇಟ್ಟುಕೊಂಡಿದ್ದೆ. ನೀವು ಪಟ್ಟೆ ಅನ್ನುವುದನ್ನು ನಮ್ಮ ಕಡೆ ಹಾಳೆ ಅಂತೀವಿ. ಈಗ ಮದುವೆ ಮನೆ, ದೇವಸ್ಥಾನಗಳ ಊಟದ ಕಸದಿಂದ ಗೊಬ್ಬರ ಮಾಡಿಸುವ ಕೆಲಸದಲ್ಲಿದ್ದೇನೆ. ಹಾಗಾಗಿ ತಟ್ಟೆ ಹುಟ್ಟುವುದನ್ನೂ ನೋಡಿದ್ದೇನೆ, ಕೊಳೆಯುವುದನ್ನೂ ನೋಡಿದ್ದೇನೆ.

ಮೊದಲು ಭಟ್ಟರ ಸಿಲ್ವರ್ ತಟ್ಟೆ. ಅದು ಫಾಯಿಲ್ ಅಂತ ಎಷ್ಟೋ ಜನ ನಂಬಿದ್ದಾರೆ. ಸಮಾರಂಭಗಳಿಗೆ ಬರುವ ಅಗ್ಗದ ಸಿಲ್ವರ್ ತಟ್ಟೆಗಳಲ್ಲಿ ಸಾಮಾನ್ಯವಾಗಿ ಇರುವುದು ಫಾಯಿಲ್ ಅಲ್ಲ. ಕೆಳಗೆ ರಟ್ಟು, ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಆ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಆವಿ ಹಿಡಿಸಿ ಹೊಳಪು ತಂದಿರುತ್ತಾರೆ. ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದೇ ಜಾತಿ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ತಟ್ಟೆಯನ್ನು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ರಟ್ಟು ಮೆತ್ತಗಾಗಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಹೊಳೆಯುವ ಪದರ ಒಂದೇ ಚರ್ಮದಂತೆ ಕೈಗೆ ಬರುತ್ತದೆ. ಅದನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ನಿಜವಾದ ಫಾಯಿಲ್ ಆದರೆ ಮುದ್ದೆಯಾಗಿಯೇ ಉಳಿಯುತ್ತದೆ. ಪ್ಲಾಸ್ಟಿಕ್ ಆದರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇನ್ನೂ ಅನುಮಾನ ಇದ್ದರೆ ಉರಿಯುವ ಬಲ್ಬಿಗೆ ಅಡ್ಡ ಹಿಡಿದು ನೋಡಿ. ಪ್ಲಾಸ್ಟಿಕ್ ಪದರದ ಮೂಲಕ ಬೆಳಕು ಮಸುಕಾಗಿ ಕಾಣುತ್ತದೆ, ಫಾಯಿಲ್ ಮೂಲಕ ಕಾಣುವುದಿಲ್ಲ.

ಪೇಪರ್ ಎಲೆಗೂ ಇದೇ ಬಕೆಟ್ ಪರೀಕ್ಷೆ ಮಾಡಿ. ನೋಡಲು ಬಾಳೆ ಎಲೆಯ ಹಸಿರು, ನಡುವೆ ದಂಟಿನ ಚಿತ್ರ ಬೇರೆ. ಆದರೆ ಬರೀ ಕಾಗದ ಸಾರು ತಡೆಯುವುದಿಲ್ಲ. ಹತ್ತು ನಿಮಿಷದಲ್ಲಿ ನೆನೆದು ಟೇಬಲ್ಲಿಗೆ ಅಂಟುತ್ತದೆ. ಒಂದು ಪೇಪರ್ ಎಲೆ ಊಟ ಮುಗಿಯುವವರೆಗೂ ಸಾರು ತಡೆಯಿತು ಅಂದರೆ ಅದರ ಮೇಲೆ ಏನೋ ಲೇಪ ಇದೆ ಅಂತಲೇ ಅರ್ಥ. ಆ ಲೇಪ ಬಹಳ ಸಲ ಪಾಲಿಥೀನ್.

ಬಿಸಿಯ ವಿಷಯಕ್ಕೆ ಬರೋಣ. ಹಂಡೆಯಿಂದ ಆಗಷ್ಟೇ ತೆಗೆದ ಸಾರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಈ ಲೇಪಕ್ಕೆ ಬಳಸುವ ಪಾಲಿಥೀನ್ ಕರಗುವುದು ಸುಮಾರು 105ರಿಂದ 115 ಡಿಗ್ರಿಯಲ್ಲಿ. ಅಂದರೆ ಸಾರಿಗೆ ಅದು ಕರಗಿ ಹರಿಯುವುದಿಲ್ಲ, ಆದರೆ ಮೆತ್ತಗಾಗುತ್ತದೆ. ಕಾಗದದ ಲೋಟಗಳ ಮೇಲೆ ಐಐಟಿ ಖರಗಪುರದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಥ ಲೇಪ ಇರುವ ಲೋಟಕ್ಕೆ 85–90 ಡಿಗ್ರಿಯ 100 ಮಿಲಿಲೀಟರ್ ನೀರು ಹಾಕಿ 15 ನಿಮಿಷ ಬಿಟ್ಟರು. ಆ ನೀರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ತಟ್ಟೆ ಬೇರೆ, ಲೋಟ ಬೇರೆ ನಿಜ. ಆದರೆ ಲೇಪ ಒಂದೇ ಜಾತಿಯದು, ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಬಾಣಲೆಯಿಂದ ನೇರವಾಗಿ ತಂದ ಬೋಂಡ, ತವೆಯಿಂದ ಇಳಿಸಿದ ಹೋಳಿಗೆ ಸಾರಿಗಿಂತ ಬಿಸಿ. ಬೋಂಡ ಕೂತ ಜಾಗದಲ್ಲಿ ತಟ್ಟೆಯ ಹೊಳಪು ಸುಕ್ಕುಗಟ್ಟಿರುವುದನ್ನು ನೀವೂ ನೋಡಿರಬಹುದು. ಆ ಸುಕ್ಕೇ ಪ್ಲಾಸ್ಟಿಕ್ ಸೋತ ಗುರುತು.

ನಿಜವಾದ ಅಲ್ಯೂಮಿನಿಯಂ ಫಾಯಿಲ್ ತಟ್ಟೆ, ಡಬ್ಬಿಗಳ ಕಥೆ ಬೇರೆ. ಅವಕ್ಕೆ ಬಿಸಿಯ ಭಯ ಇಲ್ಲ. ಆದರೆ ಬಿಸಿ ಸೀದಾ ಕೈಗೆ ಬರುತ್ತದೆ. ಹುಳಿ, ಉಪ್ಪಿನಕಾಯಿ, ಮಜ್ಜಿಗೆ ಜಾಸ್ತಿ ಹೊತ್ತು ಇಟ್ಟರೆ ಲೋಹ ಸ್ವಲ್ಪ ಸ್ವಲ್ಪ ಕರಗುತ್ತದೆ. ಮಣ್ಣಲ್ಲಿ ಕೊಳೆಯುವ ಮಾತೇ ಇಲ್ಲ. ತೊಳೆದು ಕೊಟ್ಟರೆ ಗುಜರಿಯವರು ತೆಗೆದುಕೊಳ್ಳಬಹುದು. ಬರಲಾಗದವರಿಗೆ ಪಲ್ಯ, ಹೋಳಿಗೆ ಕಟ್ಟಿ ಕಳಿಸಲು ಹತ್ತಿಪ್ಪತ್ತು ಡಬ್ಬಿ ಇಟ್ಟುಕೊಳ್ಳಿ, ಅಷ್ಟು ಸಾಕು.

ಬಾಳೆ ಎಲೆಯಲ್ಲಿ ನಿಮಗೆ ತೊಂದರೆ ಕೊಡುವುದು ಬಿಸಿಯಲ್ಲ, ಸೀಳು. ಎಲೆಯ ಮೇಲೆ ಮೇಣದಂಥ ಪದರ ಇರುವುದರಿಂದ ಸಾರು ಒಳಗೆ ಇಳಿಯುವುದಿಲ್ಲ. ಬಿಸಿ ಅನ್ನ ಬಿದ್ದ ಜಾಗ ಕಂದು ಹಸಿರಾಗುತ್ತದೆ. ಬಿಸಿಗೂ ಹುಳಿಗೂ ಎಲೆಯ ಹಸಿರು ಬಣ್ಣ ಬದಲಾಗುವುದು ಅದು, ಭಯ ಬೇಡ. ಆದರೆ ನಡುದಂಟಿನಿಂದ ಅಂಚಿಗೆ ಹೋಗುವ ಗೆರೆಗಳ ಉದ್ದಕ್ಕೆ ಎಲೆ ಸುಲಭವಾಗಿ ಸೀಳುತ್ತದೆ. ಒಂದು ಸೀಳು ಬಿದ್ದರೆ ಸಾರೆಲ್ಲ ಟೇಬಲ್ ಮೇಲೆ. ತೀರಾ ಎಳೆಯ ಎಲೆ ಬಡಿಸುವಾಗಲೇ ಹರಿಯುತ್ತದೆ. ಬಲಿತು ಗಡುಸಾದದ್ದು ಮಡಚಿದರೆ ಒಡೆಯುತ್ತದೆ. ಎರಡರ ನಡುವಿನದು ನೋಡಿ ತರಬೇಕು.

ಹಿಂದಿನ ದಿನ ಸಂಜೆ ತನ್ನಿ, ಎರಡು ದಿನ ಮುಂಚೆ ಬೇಡ. 300 ಜನಕ್ಕೆ 330 ಎಲೆ ಲೆಕ್ಕ ಹಾಕಿ. ಹರಿದದ್ದು, ಹುಳು ತಿಂದದ್ದು ಇದ್ದೇ ಇರುತ್ತವೆ. ಕಟ್ಟಿನಲ್ಲಿ ಎಷ್ಟು ಎಲೆ ಇವೆ ಅಂತ ಮಂಡಿಯಲ್ಲೇ ಕೇಳಿ, ಒಬ್ಬೊಬ್ಬರ ಕಟ್ಟು ಒಂದೊಂದು ಲೆಕ್ಕದ್ದು. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ನಿಮ್ಮ ದಿನ ಬಿದ್ದರೆ ಬೆಲೆ ಏರುತ್ತದೆ, ಮುಂಗಡ ಹೇಳಿಡಿ. ತಂದ ಎಲೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ ಮಲಗಿಸಿಡಿ, ನಿಲ್ಲಿಸಬೇಡಿ. ಬೆಳಿಗ್ಗೆ ಎಲೆ ಕತ್ತರಿಸುವಾಗ ಹಿಂಭಾಗದ ದಂಟನ್ನು ಚಾಕುವಿನಿಂದ ಸ್ವಲ್ಪ ಸವರಿ ತೆಗೆಯಿರಿ. ಆಗ ಎಲೆ ಟೇಬಲ್ ಮೇಲೆ ಸಪಾಟಾಗಿ ಕೂರುತ್ತದೆ. ದಂಟು ಎತ್ತರ ಇದ್ದರೆ ಎಲೆ ಎರಡೂ ಕಡೆ ಇಳಿಜಾರಾಗಿ ಸಾರು ಹರಿದುಹೋಗುತ್ತದೆ. ಇಷ್ಟು ಮಾಡಿದ ಮೇಲೂ ತಿಳಿಸಾರನ್ನು ಎಲೆಗೆ ಬಿಡಬೇಡಿ, ದೊನ್ನೆಗೆ ಬಿಡಿ.

ಈಗ ಹಾಳೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಿಮ್ಮದು ಮಳೆಗಾಲದ ಸಮಾರಂಭ.

ಅಡಿಕೆ ಮರದಲ್ಲಿ ಸೋಗೆ ಒಣಗಿದಾಗ ಬುಡದ ಹಾಳೆ ಸಮೇತ ತಾನಾಗಿ ಬೀಳುತ್ತದೆ. ಮರ ಕಡಿಯುವುದೂ ಇಲ್ಲ, ಎಲೆ ಕೀಳುವುದೂ ಇಲ್ಲ. ಬಿದ್ದದ್ದನ್ನು ಒಣಗಿಸಿ ಜೋಡಿಸಿಡುತ್ತೇವೆ. ಬೇಕಾದಾಗ ನೀರಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ನೀರು ಸೋರಿಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ. ಒಂದು ನಿಮಿಷದೊಳಗೆ ತಟ್ಟೆ ತಯಾರು. ಅಂಟು ಇಲ್ಲ, ಲೇಪ ಇಲ್ಲ. ಬಿಸಿ ಅಚ್ಚಿನಲ್ಲೇ ರೂಪ ತಳೆದ ತಟ್ಟೆ ಆದ್ದರಿಂದ ಸಾರಿನ ಬಿಸಿಗೆ ಅದು ಬಾಗುವುದಿಲ್ಲ. ಕೈಗೂ ಬಿಸಿ ತಟ್ಟುವುದಿಲ್ಲ. ಊಟದ ಹೊತ್ತಿನ ಮಟ್ಟಿಗೆ ಸಾರನ್ನು ಚೆನ್ನಾಗಿ ಹಿಡಿಯುತ್ತದೆ. ತುಂಬಾ ಹೊತ್ತು ಬಿಟ್ಟರೆ ನಾರು ನೀರು ಕುಡಿದು ಉಬ್ಬುತ್ತದೆ, ತಳ ತೇವ ಆಗುತ್ತದೆ.

ಒಳ್ಳೆಯ ಹಾಳೆ ಸಿಗುವುದು ಬಿಸಿಲ ಕಾಲದಲ್ಲಿ. ಮಳೆಗಾಲದಲ್ಲಿ ಬಿದ್ದ ಹಾಳೆ ತೋಟದಲ್ಲೇ ನೆನೆದು ಕಪ್ಪಾಗುತ್ತದೆ. ಹಾಗಾಗಿ ಆಗಸ್ಟಿನಲ್ಲಿ ಅಂಗಡಿಗೆ ಬರುವ ಒಳ್ಳೆಯ ತಟ್ಟೆ ಬೇಸಿಗೆಯ ದಾಸ್ತಾನು. ಒಳ್ಳೆಯದಲ್ಲದ್ದು ಮಳೆ ಹಾಳೆಯದು, ಅಥವಾ ಸರಿಯಾಗಿ ಒಣಗಿಸದೆ ಕವರಿಗೆ ತುಂಬಿದ್ದು. ತಟ್ಟೆಯ ಶತ್ರು ತೇವ, ಅದರಿಂದ ಬರುವ ಬೂಷ್ಟು. ಮೊದಲು ಬಿಳಿ ಹಿಟ್ಟು ಚಿಮುಕಿಸಿದ ಹಾಗೆ ಕಾಣುತ್ತದೆ. ಆಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ಹಾಳೆಯ ಸಹಜ ಬಣ್ಣದ ಗೆರೆ ನಾರಿನ ಉದ್ದಕ್ಕೇ ಹೋಗುತ್ತದೆ, ಉಜ್ಜಿದರೆ ಬರುವುದಿಲ್ಲ. ಬೂಷ್ಟಿನ ಚುಕ್ಕೆ ನಾರನ್ನು ಲೆಕ್ಕಿಸದೆ ಅಲ್ಲಲ್ಲಿ ಗುಂಪಾಗಿ ಇರುತ್ತದೆ. ಒದ್ದೆ ಬೆರಳಲ್ಲಿ ಉಜ್ಜಿದರೆ ಕೈಗೆ ಮಸಿ ಹತ್ತುತ್ತದೆ. ಮೂಗಿಗೆ ಹಿಡಿದರೆ ಹಳೇ ಗೋಣಿಚೀಲದ ವಾಸನೆ. ಅಂಥದ್ದನ್ನು ಒರೆಸಿ ಬಳಸೋಣ ಅಂದುಕೊಳ್ಳಬೇಡಿ, ವಾಪಸ್ ಕೊಡಿ.

ಇನ್ನೊಂದು ಗುರುತು ಹೇಳುತ್ತೇನೆ, ಇದು ತೋಟದವರಿಗೆ ಮಾತ್ರ ಕಾಣುವಂಥದ್ದು. ಕೆಲವು ತಟ್ಟೆಯ ಅಂಚಲ್ಲಿ ನೀಲಿ ಬೆರೆತ ಬಿಳಿ ಕಲೆ ಇರುತ್ತದೆ. ಕೊಳೆರೋಗ ಬರದಿರಲಿ ಅಂತ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತಾರೆ. ಅದು ಮೈಲುತುತ್ತು, ಸುಣ್ಣ ಸೇರಿಸಿದ ದ್ರಾವಣ. ಅದು ಇಳಿದು ಹಾಳೆಯ ಮೇಲೂ ನಿಲ್ಲುತ್ತದೆ. ಸರಿಯಾಗಿ ಉಜ್ಜಿ ತೊಳೆದರೆ ಹೋಗುತ್ತದೆ. ತಟ್ಟೆಯಲ್ಲಿ ಕಲೆ ಉಳಿದಿದೆ ಅಂದರೆ ತೊಳೆದವರು ಸರಿಯಾಗಿ ತೊಳೆದಿಲ್ಲ. ಆ ಕಟ್ಟು ಬೇಡ ಅನ್ನಿ. ಹಾಗೆಯೇ ಕಾಗದದಷ್ಟು ಬೆಳ್ಳಗೆ, ಎಲ್ಲವೂ ಒಂದೇ ಬಣ್ಣ ಇರುವ ತಟ್ಟೆಗೆ ಜಾಸ್ತಿ ದುಡ್ಡು ಕೊಡಬೇಡಿ. ಹಾಳೆಯ ಬಣ್ಣ ಒಂದರಂತೆ ಒಂದು ಇರುವುದಿಲ್ಲ. ಬಿಳಿ ಬರಲಿ ಅಂತ ಗಂಧಕದ ಹೊಗೆ ಹಾಕುವವರಿದ್ದಾರೆ. ಕವರ್ ಬಿಚ್ಚಿದ ಕೂಡಲೇ ಬೆಂಕಿಕಡ್ಡಿ ಗೀರಿದ ಘಾಟು ಬಂದರೆ ಅದೇ.

ಒಂದು ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. 2025ರಲ್ಲಿ ಅಮೆರಿಕದ ಆಹಾರ ಸುರಕ್ಷತೆ ನೋಡುವ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ-ಬಟ್ಟಲು ಬಳಸಬೇಡಿ ಅಂತ ಅಲ್ಲಿನ ಜನರಿಗೆ ಹೇಳಿತು. ಅರೆಕೋಲಿನ್ ಮುಂತಾದ ಅಡಿಕೆಯ ಸಹಜ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅದರ ಕಾರಣ. ತಟ್ಟೆ ಮಾಡಿ ಬದುಕಿದವನಾಗಿ ನನಗೆ ಅದು ನೋವಿನ ಸುದ್ದಿ. ಆದರೂ ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ನನ್ನ ಅಭಿಪ್ರಾಯ ಹೀಗೆ. ವರ್ಷದಲ್ಲಿ ಒಂದೆರಡು ಸಮಾರಂಭಕ್ಕೆ, ಅರ್ಧ ಗಂಟೆಯ ಊಟಕ್ಕೆ ನಾನು ಈಗಲೂ ಬಳಸುತ್ತೇನೆ. ಆದರೆ ಹುಳಿಸಾರನ್ನು ಅದರಲ್ಲಿ ಗಂಟೆಗಟ್ಟಲೆ ಇಡುವುದಿಲ್ಲ, ಮೈಕ್ರೊವೇವಿನಲ್ಲಿ ಬಿಸಿ ಮಾಡುವುದಿಲ್ಲ. ತೊಳೆದು ಮತ್ತೆ ಮತ್ತೆ ಬಳಸುವುದಿಲ್ಲ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಸಾರು ಬಡಿಸಲು ಒಂದಷ್ಟು ಸ್ಟೀಲ್ ಬಟ್ಟಲು ಬೇರೆ ಇಟ್ಟುಕೊಳ್ಳಿ. ಯಾರಿಗೂ ಹಾಳೆ ಬೇಡ ಅಂತ ನಿಮಗೆ ಅನ್ನಿಸಿದರೆ ಮುತ್ತುಗದ ಎಲೆಯ ದೊನ್ನೆ ಕೇಳಿ. ಕಡ್ಡಿ ಚುಚ್ಚಿ ಹೆಣೆದದ್ದೇ ಬೇಕು ಅನ್ನಿ. ಮಷಿನಿನಲ್ಲಿ ಒತ್ತಿದ ಕೆಲವಕ್ಕೆ ಅಡಿಯಲ್ಲಿ ಪ್ಲಾಸ್ಟಿಕ್ ಕೊಟ್ಟಿರುತ್ತಾರೆ.

ತಂದ ದೊನ್ನೆಗಳನ್ನು ಕವರಿನಿಂದ ತೆಗೆದು ಒಂದು ದಿನ ಬಿಸಿಲಿಗೆ ಹಾಕಿ. ಬಿಸಿಲು ಇಲ್ಲದಿದ್ದರೆ ಫ್ಯಾನಿನ ಕೆಳಗೆ ಹರಡಿ. ಬಡಿಸುವ ಮುಂಚೆ ಒಣ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ. ಅಂಚಲ್ಲಿ ಸಿಬಿರು ಎದ್ದಿದ್ದರೆ ಆಗಲೇ ಕೈಗೆ ಗೊತ್ತಾಗುತ್ತದೆ.

ಗೊಬ್ಬರಕ್ಕೆ ಬರುವ ಮುಂಚೆ, ಕೆಲವು ವರ್ಷದ ಹಿಂದೆ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಮದುವೆಯ ಬಫೆಯಲ್ಲಿ ನಾನೂರಕ್ಕೂ ಜಾಸ್ತಿ ಹಾಳೆ ತಟ್ಟೆ ಬಳಸಿದ್ದರು. ಹುಡುಗರು ತಟ್ಟೆಯ ಅನ್ನ ಕೊಡವಿ, ಒಂದರೊಳಗೆ ಒಂದು ಜೋಡಿಸಿ, ಚೆನ್ನಾಗಿ ಪೇರಿಸಿ ಕೊಟ್ಟರು. ಅಚ್ಚುಕಟ್ಟಾಗಿದೆ ಅಂತ ನಾನು ಹಾಗೇ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದೆ. ಐದು ತಿಂಗಳಾದ ಮೇಲೆ ಅಗೆದರೆ ಕಂಬದ ಹಾಗೆ ನಿಂತಿದ್ದವು. ಮೇಲಿನ ಮೂರು ನಾಲ್ಕು ತಟ್ಟೆ ಕೊಳೆತಿದ್ದವು. ಅದರ ಕೆಳಗಿನವು ಹೊಸದರಂತೆ, ಒಳಗೆ ಒಣ. ನೀರೂ ಗಾಳಿಯೂ ಹೋಗಲು ಜಾಗವೇ ಇರಲಿಲ್ಲ. ಅದೇ ಗುಂಡಿಯ ಇನ್ನೊಂದು ಮೂಲೆಯಲ್ಲಿ ಬಾಳೆ ಎಲೆಗಳನ್ನು ಮಡಚಿದ ಹಾಗೇ ಸುರಿದಿದ್ದೆ. ಅಲ್ಲಿ ತದ್ವಿರುದ್ಧ. ನೀರೇ ನೀರು, ಒಂದಕ್ಕೊಂದು ಅಂಟಿ ಕಪ್ಪು ಲೋಳೆಯಾಗಿ, ಕೊಳೆತ ಮೊಟ್ಟೆಯ ನಾತ. ಹಾಳೆ ಹಾಳೆಯಾಗಿಯೇ ಉಳಿಯಿತು, ಎಲೆ ಕೊಚ್ಚೆಯಾಯಿತು. ಎರಡನ್ನೂ ಚೂರು ಮಾಡಿ ಬೆರೆಸಿದ್ದರೆ ಒಂದರ ಒಣ ಇನ್ನೊಂದರ ತೇವಕ್ಕೆ ಸರಿಹೋಗುತ್ತಿತ್ತು.

ನಿಮ್ಮ ಊಟದ ಲೆಕ್ಕ ಹಾಕೋಣ. ನಾನು ತೂಗಿ ನೋಡಿದ ಹಾಗೆ ಊಟದ ಬಾಳೆ ಎಲೆ ಒಂದು ಸುಮಾರು 50 ಗ್ರಾಂ. 300 ಎಲೆಗೆ 15 ಕೆಜಿ. ಎಲೆಯ ಮೇಲೆ ಉಳಿಯುವ ಊಟ ತಲೆಗೆ 100 ಗ್ರಾಂ ಇಟ್ಟುಕೊಂಡರೆ 30 ಕೆಜಿ. ಅಡಿಗೆಮನೆಯ ಸಿಪ್ಪೆ, ತೊಟ್ಟು, ಕೊತ್ತಂಬರಿ ಕಡ್ಡಿ ಎಲ್ಲ ಸೇರಿ ಒಂದು 15 ಕೆಜಿ. ಒಟ್ಟು 60 ಕೆಜಿ ಹಸಿ ಕಸ. ಇದಕ್ಕೆ ಮೂರನೇ ಒಂದು ಭಾಗ, ಅಂದರೆ 20 ಕೆಜಿ ಒಣ ಕಸ ಬೇಕು. ತರಗೆಲೆಯಾದರೆ ಗೊಬ್ಬರದ ಚೀಲದಲ್ಲಿ ಆರೇಳು ಚೀಲ. ಇದನ್ನು ಸಮಾರಂಭದ ದಿನ ಹುಡುಕಿದರೆ ಸಿಗುವುದಿಲ್ಲ, ಮಳೆಗೆ ನೆನೆದಿರುತ್ತದೆ. ಇವತ್ತಿನಿಂದಲೇ ತುಂಬಿಸಿ ಶೀಟಿನ ಕೆಳಗೆ ಇಟ್ಟುಕೊಳ್ಳಿ. ತೆಂಗಿನ ನಾರಿನ ಪುಡಿ ನಿಮ್ಮ ಕಡೆ ಧಾರಾಳವಾಗಿ ಸಿಗುತ್ತದೆ, ಅರ್ಧ ಅದನ್ನೇ ಹಾಕಬಹುದು. ಹೊಸ ಮನೆಯ ಮರಗೆಲಸದ ಹೊಟ್ಟು ಇದೆಯಲ್ಲ ಅಂತ ಹಾಕಬೇಡಿ. ಅದರಲ್ಲಿ ಪ್ಲೈವುಡ್ಡಿನ ಅಂಟು ಇರುತ್ತದೆ.

ತೊಟ್ಟಿಗೆ ನಿಮ್ಮ ಮನೆಯಲ್ಲಿ ಉಳಿದಿರುವ ಸಿಮೆಂಟ್ ಬ್ಲಾಕೇ ಸಾಕು. ಒಳಗೆ ಮೂರಡಿ ಉದ್ದ, ಮೂರಡಿ ಅಗಲ ಬರುವಂತೆ ನಾಲ್ಕು ಸಾಲು ಜೋಡಿಸಿ. ಸುಮಾರು 40 ಬ್ಲಾಕ್ ಬೇಕಾಗುತ್ತದೆ. ಗಾರೆ ಹಾಕಬೇಡಿ. ಬ್ಲಾಕಿನಿಂದ ಬ್ಲಾಕಿಗೆ ಒಂದು ಬೆರಳಿನಷ್ಟು ಸಂದಿ ಬಿಡಿ, ಅದರಿಂದ ಗಾಳಿ ಆಡುತ್ತದೆ. ತಳ ಮಣ್ಣೇ ಇರಲಿ, ಸಿಮೆಂಟ್ ನೆಲ ಬೇಡ. ಮಳೆ ನೀರು ಬಾರದ ಹಾಗೆ ಮೇಲೆ ತಗಡಿನ ಶೀಟು ಇಳಿಜಾರಾಗಿ ಇಡಿ, ಸುತ್ತ ಒಂದು ಗೇಣು ಕಾಲುವೆ ತೆಗೆಯಿರಿ.

ಗೊಬ್ಬರ ಕೆಡುವುದು ತೊಟ್ಟಿಯಲ್ಲಿ ಅಲ್ಲ, ಎಲೆ ಎತ್ತುವ ಹೊತ್ತಿನಲ್ಲಿ. ಬಹಳ ಕಡೆ ಟೇಬಲ್ ಮೇಲೆ ರೋಲ್ ಹಾಸುತ್ತಾರೆ. ಪಂಕ್ತಿ ಎದ್ದ ಕೂಡಲೇ ರೋಲ್, ಎಲೆ, ದೊನ್ನೆ, ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು ಎಲ್ಲ ಒಂದೇ ಸುರುಳಿಯಾಗಿ ಸುತ್ತಿ ಎತ್ತಿಬಿಡುತ್ತಾರೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಆ ಸುರುಳಿಯನ್ನು ಆಮೇಲೆ ಯಾರೂ ಬಿಡಿಸುವುದಿಲ್ಲ. ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಎಲ್ಲವನ್ನೂ ಕರ್ನಾಟಕದಲ್ಲಿ 2016ರ ಮಾರ್ಚಿನಲ್ಲೇ ನಿಷೇಧಿಸಿದ್ದಾರೆ. ಭಟ್ಟರಿಗೆ ಈ ಮಾತು ಈಗಲೇ ಹೇಳಿಡಿ. ಟೇಬಲ್ ಒರೆಸಿ ನೇರ ಎಲೆ ಹಾಕಲಿ, ಅಥವಾ ಲೇಪ ಇಲ್ಲದ ಕಾಗದ ಹಾಸಲಿ. ನೀರಿಗೆ ಸ್ಟೀಲ್ ಲೋಟ ಬಾಡಿಗೆಗೆ ತನ್ನಿ. ಎಲೆ ಎತ್ತುವ ಜಾಗದಲ್ಲಿ ಮನೆಯವರೊಬ್ಬರು ನಿಂತಿರಬೇಕು. ಎರಡು ಡ್ರಮ್ ಇಟ್ಟು, ಒಂದಕ್ಕೆ ಎಲೆ, ದೊನ್ನೆ, ಊಟ. ಇನ್ನೊಂದಕ್ಕೆ ಉಳಿದದ್ದೆಲ್ಲ. ಬೀಡಾಕ್ಕೆ ಸುತ್ತಿದ ಕವರು ಒಂದು ಕಣ್ಣು ತಪ್ಪಿಸಿ ಒಳಗೆ ಹೋಗುತ್ತದೆ, ನೋಡಿಕೊಳ್ಳಿ.

ಎಂಜಲೆಲೆಯನ್ನು ಪಕ್ಕದವರ ಹಸುವಿಗೆ ಹಾಕೋಣ ಅನ್ನಿಸುತ್ತದೆ ಅಲ್ವಾ? ಅನ್ನ ಕೊಡವಿದ ಬರೀ ಎಲೆಯನ್ನು ನಾಲ್ಕೈದು ಹಾಕಿ, ತೊಂದರೆ ಇಲ್ಲ. ಆದರೆ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಇಡಬೇಡಿ. ಒಮ್ಮೆಗೇ ಜಾಸ್ತಿ ಅನ್ನ ತಿಂದ ಹಸುವಿನ ಹೊಟ್ಟೆಯಲ್ಲಿ ಹುಳಿ ಏರಿ, ಮೇವು ಬಿಟ್ಟು ಮಲಗಿಬಿಡುತ್ತದೆ. ಮದುವೆ ಸೀಸನ್ನಿನಲ್ಲಿ ಹೀಗೆ ಸತ್ತ ಹಸುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ತೊಟ್ಟಿ ತುಂಬುವುದು ಅದೇ ಸಂಜೆ ಆಗಬೇಕು, ರಾತ್ರಿ ಕಳೆದರೆ ಹುಳಿತ ಶುರುವಾಗುತ್ತದೆ. ತಳಕ್ಕೆ ಅರ್ಧ ಅಡಿ ಕಡ್ಡಿ, ತೆಂಗಿನ ಗರಿಯ ದಿಂಡು ಹಾಕಿ. ಅದರ ಮೇಲೆ ಒಂದು ಗೇಣು ತರಗೆಲೆ. ಬಾಳೆ ಎಲೆಯನ್ನು ಕತ್ತಿಯಲ್ಲಿ ಅಂಗೈ ಅಗಲಕ್ಕೆ ಕೊಚ್ಚಿ. ದೊನ್ನೆಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ನಾರಿನ ಉದ್ದಕ್ಕೆ ಎರಡು ಮೂರು ಸೀಳು ಮಾಡಿ. ಅವನ್ನು ಮಾರನೇ ದಿನ ಸೇರಿಸಿದರೂ ಆಗುತ್ತದೆ. ಊಟದ ನೀರು ಬಸಿದು, ಎಲೆ ಚೂರಿನ ಜೊತೆ ಬೆರೆಸಿ, ನಾಲ್ಕು ಬೆರಳು ದಪ್ಪಕ್ಕೆ ಹರಡಿ. ಮೇಲೆ ಅದರ ಎರಡರಷ್ಟು ದಪ್ಪಕ್ಕೆ ಒಣ ಕಸ. ಸಗಣಿ ನೀರು ಬರೀ ಚಿಮುಕಿಸಿ, ಸುರಿಯಬೇಡಿ, ಊಟದಲ್ಲೇ ಸಾಕಷ್ಟು ನೀರಿದೆ. ಹೀಗೆ ಪದರ ಪದರವಾಗಿ ಹಾಕುತ್ತಾ ಹೋಗಿ. ಉಪ್ಪಿನಕಾಯಿ, ಕರಿದ ಎಣ್ಣೆ ಒಂದೇ ಕಡೆ ಬೀಳದಿರಲಿ. ಕೊನೆಗೆ ದಪ್ಪಗೆ ಒಣ ಕಸ ಮುಚ್ಚಿ, ಇಲಿ-ನಾಯಿ ಬಾರದ ಹಾಗೆ ಜಾಲರಿ ಇಡಿ.

ಮೂರು ನಾಲ್ಕು ದಿನದಲ್ಲಿ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಕೆಲಸ ನಡೆಯುತ್ತಿದೆ. ಬಿಸಿಯೇ ಇಲ್ಲದೆ ಕೆಟ್ಟ ನಾತ ಬಂದರೆ ನೀರು ಜಾಸ್ತಿಯಾಗಿದೆ. ಒಂದು ಚೀಲ ಒಣ ಕಸ ಸೇರಿಸಿ ಮಗುಚಿ. ಬಿಸಿಯೂ ಇಲ್ಲ, ನಾತವೂ ಇಲ್ಲ ಅಂದರೆ ಒಣಗಿದೆ, ನೀರು ಚಿಮುಕಿಸಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಹತ್ತನೇ ದಿನ ಒಮ್ಮೆ ಮಗುಚಿ, ಅಂಚಿನದು ನಡುವಿಗೆ ಬರಲಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಸಾಕು.

ಒಂದೂವರೆ ತಿಂಗಳಿಗೆ ಬಾಳೆ ಎಲೆ ಗುರುತು ಸಿಗದಂತೆ ಹೋಗಿರುತ್ತದೆ, ದಂಟಿನ ಚೂರು ಮಾತ್ರ ಕಾಣಬಹುದು. ಹಾಳೆಯ ಸೀಳುಗಳಿಗೆ ಮೂರು ನಾಲ್ಕು ತಿಂಗಳು ಬೇಕು. ಆಗಸ್ಟಿನಲ್ಲಿ ಹಾಕಿದ್ದನ್ನು ಡಿಸೆಂಬರಿನಲ್ಲಿ ಜಲ್ಲಡಿ ಹಿಡಿಯಿರಿ. ಎರಡು ಚೀಲದಷ್ಟು ಕಪ್ಪು ಪುಡಿ ಇಳಿಯುತ್ತದೆ. ಜಲ್ಲಡಿ ಮೇಲೆ ಉಳಿದ ನಾರನ್ನು ಬಿಸಾಡಬೇಡಿ, ಮುಂದಿನ ರಾಶಿಯ ತಳಕ್ಕೆ ಹಾಕಿ. ಪುಡಿಯನ್ನು ಹದಿನೈದು ದಿನ ನೆರಳಲ್ಲಿ ಹರಡಿಟ್ಟು, ಹೊಸ ಮನೆಯ ಮುಂದೆ ನೆಟ್ಟ ತೆಂಗಿನ ಸಸಿಗೆ ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಹಾಕಿ, ಮೇಲೆ ಮಣ್ಣು ಎಳೆಯಿರಿ.